ತಾಳೆ ನೋಡಿದ ಮೇಲೆ ಪ್ರಕಟಣೆ

2020ರ ಅಕ್ಟೋಬರ್ 2, ಶುಕ್ರವಾರ. ಬ್ರಿಟನ್ ಸರ್ಕಾರದ ಕೋವಿಡ್ ಡ್ಯಾಶ್‌ಬೋರ್ಡಿನಲ್ಲಿ ಆ ದಿನದ ಹೊಸ ಪ್ರಕರಣಗಳು 6,968 ಎಂದಿತ್ತು. ಶನಿವಾರ ಅದೇ ಜಾಗದಲ್ಲಿ 12,872 ಕಾಣಿಸಿತು. ಭಾನುವಾರ 22,961. ಎರಡೇ ದಿನಗಳಲ್ಲಿ ಸೋಂಕು ಮೂರು ಪಟ್ಟು ಏರಿದ್ದರಿಂದ ಹೀಗಾಗಿರಲಿಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಲೆಕ್ಕಕ್ಕೆ ಸಿಗದೆ ಉಳಿದಿದ್ದ 15,841 ಪ್ರಕರಣಗಳನ್ನು ಆ ಶನಿವಾರ ಮತ್ತು ಭಾನುವಾರದ ಅಂಕಿಗಳಿಗೆ ಸೇರಿಸಲಾಗಿತ್ತು.

ಅವು ಕಳೆದುಹೋಗಿದ್ದು ಪ್ರಯೋಗಾಲಯ ಮತ್ತು ಡ್ಯಾಶ್‌ಬೋರ್ಡಿನ ನಡುವಿನ ದಾರಿಯಲ್ಲಿ. ಪ್ರಯೋಗಾಲಯಗಳು ಫಲಿತಾಂಶಗಳನ್ನು ಸರಳ ಪಠ್ಯದ ಕಡತಗಳಲ್ಲಿ ಕಳಿಸುತ್ತಿದ್ದವು. ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಪಬ್ಲಿಕ್ ಹೆಲ್ತ್ ಇಂಗ್ಲೆಂಡಿನ ಸ್ವಯಂಚಾಲಿತ ವ್ಯವಸ್ಥೆ ಅವನ್ನು ಎಕ್ಸೆಲ್ ಹಾಳೆಗೆ ತುಂಬಿ ಮುಂದಕ್ಕೆ ಸಾಗಿಸುತ್ತಿತ್ತು. ಹಾಳೆ ಇದ್ದದ್ದು `.xls` ಎಂಬ ಹಳೆಯ ಮಾದರಿಯಲ್ಲಿ. ಅದರಲ್ಲಿ 65,536ಕ್ಕಿಂತ ಹೆಚ್ಚು ಸಾಲು ಹಿಡಿಸುವುದಿಲ್ಲ. ಒಬ್ಬ ಸೋಂಕಿತರ ವಿವರಕ್ಕೆ ಹಲವು ಸಾಲುಗಳು ಬೇಕಾಗುತ್ತಿದ್ದವು. ಪ್ರಕರಣಗಳು ಏರಿದಂತೆ ಹಾಳೆ ತುಂಬಿತು, ಉಳಿದ ಸಾಲುಗಳು ಹೊರಗೇ ಬಿದ್ದವು. ಆ ಜನರಿಗೆ ತಮ್ಮ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಬೇಕಾದ ಸಿಬ್ಬಂದಿಗೆ ಅವರ ಹೆಸರುಗಳು ಹೋಗಿರಲಿಲ್ಲ. ಹಾಗಾಗಿ ಸೋಂಕಿತರ ಜೊತೆ ಊಟ ಮಾಡಿದವರು, ಕೆಲಸ ಮಾಡಿದವರು ಎಷ್ಟೋ ದಿನ ಏನೂ ತಿಳಿಯದೆ ಓಡಾಡಿಕೊಂಡಿದ್ದರು.

ಈ ಎಂಟು ದಿನವೂ ಡ್ಯಾಶ್‌ಬೋರ್ಡ್ ನಿಂತಿರಲಿಲ್ಲ. ದಿನಾ ರಿಫ್ರೆಶ್ ಆಗುತ್ತಿತ್ತು, ದಿನಾ ಹೊಸ ಅಂಕಿ ಬರುತ್ತಿತ್ತು, ಬಂದ ಅಂಕಿ ನಂಬುವಂತೆಯೂ ಇರುತ್ತಿತ್ತು. ಪರದೆ ಖಾಲಿಯಾಗಿದ್ದರೆ ಯಾರಾದರೂ ಫೋನ್ ಮಾಡುತ್ತಿದ್ದರು. ಹೊಸದಾಗಿ ಬಂದ, ಒಪ್ಪವಾಗಿ ಕಾಣುವ, ಆದರೆ ಕಡಿಮೆಯಿರುವ ಅಂಕಿಯನ್ನು ಕಣ್ಣಿನಿಂದ ಹಿಡಿಯುವುದು ಬಹಳ ಕಷ್ಟ. ಅದನ್ನು ಹಿಡಿಯಲು ಇರುವ ದಾರಿ ಹಳೆಯದು, ನಮ್ಮ ಲೆಕ್ಕಿಗರಿಗೆ ಚೆನ್ನಾಗಿ ಗೊತ್ತಿರುವುದು: ಬೇರೆ ಕಡೆ, ಬೇರೆಯವರು ಇಟ್ಟ ಲೆಕ್ಕದ ಜೊತೆ ಮೊತ್ತವನ್ನು ತಾಳೆ ನೋಡುವುದು. ಪ್ರಯೋಗಾಲಯ ಪ್ರತಿ ಕಡತದ ಜೊತೆಗೆ ‘ಇದರಲ್ಲಿ ಇಷ್ಟು ಪಾಸಿಟಿವ್ ಫಲಿತಾಂಶಗಳಿವೆ’ ಎಂಬ ಒಂದೇ ಒಂದು ಸಂಖ್ಯೆಯನ್ನು ಪ್ರತ್ಯೇಕವಾಗಿ ಕಳಿಸಿ, ಡ್ಯಾಶ್‌ಬೋರ್ಡ್ ಪ್ರಕಟವಾಗುವ ಮುನ್ನ ಆ ಸಂಖ್ಯೆಯನ್ನು ಸೇರ್ಪಡೆಯಾದ ಪ್ರಕರಣಗಳ ಜೊತೆ ಹೋಲಿಸಿದ್ದರೆ, ಹಾಳೆ ತುಂಬಿದ ಮೊದಲ ದಿನವೇ ಕೊರತೆ ಬಯಲಾಗುತ್ತಿತ್ತು.

ಈ ತಾಳೆಯನ್ನು ತಿಂಗಳಿಗೊಮ್ಮೆ ಲೆಕ್ಕಪರಿಶೋಧಕರು ಬಂದಾಗ ನೋಡಿದರೆ ಸಾಲದು. ಪ್ರತಿ ರಿಫ್ರೆಶ್ ಆದ ಮೇಲೆ, ಪ್ರತಿ ಪ್ರಕಟಣೆಗೆ ಮುನ್ನ, ಯಾರೂ ನೆನಪಿಸದಿದ್ದರೂ ತಾನಾಗಿ ನಡೆಯಬೇಕು. ಅದನ್ನು ಕಟ್ಟುವುದು ಹೇಗೆ, ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಒಂದು ಹಾಲು ಒಕ್ಕೂಟದ ಕಲ್ಪಿತ ಉದಾಹರಣೆಯಲ್ಲಿ ನೋಡೋಣ.

ಎರಡು ಲೆಕ್ಕ, ಎರಡು ದಾರಿ

ನಮ್ಮ ಒಕ್ಕೂಟಕ್ಕೆ 42 ಮಾರ್ಗಗಳಿಂದ ಹಾಲು ಬರುತ್ತದೆ. ಪ್ರತಿ ಮಾರ್ಗದಲ್ಲಿ ಹತ್ತಾರು ಹಳ್ಳಿಗಳ ಸಹಕಾರ ಸಂಘಗಳು. ರೈತರು ಬೆಳಿಗ್ಗೆ ಸಂಜೆ ಹಾಲು ಹಾಕುವಾಗ ಸಂಘದ ಯಂತ್ರ ಅಳತೆ ದಾಖಲಿಸುತ್ತದೆ. ಆ ದಾಖಲೆಗಳೆಲ್ಲ ಒಕ್ಕೂಟದ ಗಣಕಕ್ಕೆ ಬಂದು, ಕೂಡಿ, ‘ಇಂದಿನ ಒಟ್ಟು ಶೇಖರಣೆ’ ಎಂದು ಡ್ಯಾಶ್‌ಬೋರ್ಡಿನಲ್ಲಿ ಕಾಣಿಸುತ್ತವೆ. ವ್ಯವಸ್ಥಾಪಕರು ಅದನ್ನು ನೋಡಿ ಎಷ್ಟು ಹಾಲನ್ನು ಪ್ಯಾಕೆಟ್ ಮಾಡಬೇಕು, ಎಷ್ಟನ್ನು ಪುಡಿಗೆ ಕಳಿಸಬೇಕು ಎಂದು ತೀರ್ಮಾನಿಸುತ್ತಾರೆ.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕವಿದೆ. ಡೇರಿಯ ಗೇಟಿನಲ್ಲಿ ವೇಬ್ರಿಡ್ಜ್. ಟ್ಯಾಂಕರ್ ತುಂಬಿ ಬಂದಾಗ ಒಂದು ತೂಕ, ಹಾಲು ಇಳಿಸಿ ಹೋಗುವಾಗ ಇನ್ನೊಂದು ತೂಕ. ಎರಡರ ವ್ಯತ್ಯಾಸವೇ ಬಂದ ಹಾಲು. ಅಳೆಯುವ ಯಂತ್ರ ಬೇರೆ, ಬರೆಯುವವರು ಬೇರೆ, ದಾಖಲೆ ಇಡುವ ತಂತ್ರಾಂಶವೂ ಬೇರೆ. ಸಂಘದ ದಾಖಲೆ ಸಾಗಿಬಂದ ದಾರಿಯ ಯಾವ ಹಂತವನ್ನೂ ಈ ಲೆಕ್ಕ ಮುಟ್ಟಿಲ್ಲ. ಸ್ವತಂತ್ರ ಮೂಲ ಎಂದರೆ ಇಂಥದ್ದು.

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಡ್ಯಾಶ್‌ಬೋರ್ಡಿನ ಮೊತ್ತವನ್ನು ಅದು ಎತ್ತಿಕೊಂಡ ಕೋಷ್ಟಕದ ಮೊತ್ತಕ್ಕೇ ಹೋಲಿಸಿ ‘ತಾಳೆಯಾಯಿತು’ ಎನ್ನುತ್ತಾರೆ. ಆ ಕೋಷ್ಟಕಕ್ಕೇ ಹಾಲು ಕಡಿಮೆ ಬಂದಿದ್ದರೆ ಎರಡೂ ಕಡೆ ಒಂದೇ ತಪ್ಪು ಇರುತ್ತದೆ, ವ್ಯತ್ಯಾಸ ಸೊನ್ನೆ ಬರುತ್ತದೆ. ಇಂಗ್ಲೆಂಡಿನಲ್ಲೂ ತುಂಬಿಹೋದ ಎಕ್ಸೆಲ್ ಹಾಳೆಯ ಸಾಲುಗಳನ್ನೇ ಎಣಿಸಿ ಡ್ಯಾಶ್‌ಬೋರ್ಡಿಗೆ ಹೋಲಿಸಿದ್ದರೆ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಮೂಲವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ದಾರಿಯಲ್ಲಿ ಏನಾದರೂ ಬಿದ್ದುಹೋದರೆ ಈ ಮೂಲದಲ್ಲೂ ಅದು ಬಿದ್ದುಹೋಗುತ್ತದೆಯೇ? ಹೌದಾದರೆ ಅದು ಸ್ವತಂತ್ರವಲ್ಲ.

ಒಂದೇ ವಸ್ತುವನ್ನು ಹೋಲಿಸುತ್ತಿದ್ದೇವೆಯೇ?

ಮೂಲ ಸಿಕ್ಕಿದೊಡನೆ ಎರಡು ಮೊತ್ತಗಳನ್ನು ಎದುರು ಬದುರು ಇಟ್ಟರೆ ಮೊದಲ ದಿನವೇ ದೊಡ್ಡ ವ್ಯತ್ಯಾಸ ಕಾಣುತ್ತದೆ. ಬಹುಪಾಲು ಅದು ತಪ್ಪಿನಿಂದ ಬಂದಿರುವುದಿಲ್ಲ. ಎರಡು ಲೆಕ್ಕಗಳು ಒಂದೇ ವಸ್ತುವನ್ನು ಎಣಿಸುತ್ತಿಲ್ಲ, ಅಷ್ಟೆ.

ಹಾಲಿನಲ್ಲಿ ಇಂಥ ಮೂರು ಸಂಗತಿಗಳಿವೆ. ಮೊದಲನೆಯದು ಅಳತೆ. ನಮ್ಮ ಉದಾಹರಣೆಯ ಸಂಘಗಳು ಲೀಟರಿನಲ್ಲಿ ಬರೆಯುತ್ತವೆ, ವೇಬ್ರಿಡ್ಜ್ ಕಿಲೋದಲ್ಲಿ ತೂಗುತ್ತದೆ. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಹೋಲಿಸುವ ಮುನ್ನ ಲೀಟರನ್ನು ಕಿಲೋಗೆ ಬದಲಿಸಲೇಬೇಕು.

ಎರಡನೆಯದು ದಿನದ ಗಡಿ. ಸಂಘದ ಪುಸ್ತಕದಲ್ಲಿ 14ನೇ ತಾರೀಕು ಎಂದರೆ ಆ ದಿನದ ಬೆಳಗಿನ ಹಾಲು ಮತ್ತು ಸಂಜೆಯ ಹಾಲು. ಡೇರಿಗೆ 14ರಂದು ಬರುವ ಟ್ಯಾಂಕರಿನಲ್ಲಿ 13ರ ಸಂಜೆಯ ಹಾಲು ಮತ್ತು 14ರ ಬೆಳಗಿನ ಹಾಲು ಇರುತ್ತದೆ. ತಾರೀಕು ನೋಡಿ ಹೋಲಿಸಿದರೆ ಎಂದೂ ಕೂಡಿಬರುವುದಿಲ್ಲ. ಎರಡೂ ಕಡೆ ಪಾಳಿಗಳನ್ನು ಹೆಸರಿಸಿ, ಇಂಥ ಸಂಜೆ ಮತ್ತು ಇಂಥ ಬೆಳಿಗ್ಗೆ ಎಂದು ಹೊಂದಿಸಬೇಕು.

ಮೂರನೆಯದು ದಾರಿಯಲ್ಲಿ ನ್ಯಾಯವಾಗಿ ಕಡಿಮೆಯಾಗುವ ಹಾಲು. ಸಂಘಗಳು ಊರಿನವರಿಗೂ ಒಂದಿಷ್ಟು ಹಾಲು ಮಾರುತ್ತವೆ. ಅದು ಶೇಖರಣೆಯಲ್ಲಿ ಇರುತ್ತದೆ, ಟ್ಯಾಂಕರಿನಲ್ಲಿ ಇರುವುದಿಲ್ಲ. ಹಾಗಾಗಿ ವೇಬ್ರಿಡ್ಜಿನ ತೂಕಕ್ಕೆ ಹೋಲಿಸಬೇಕಾದದ್ದು ಶೇಖರಣೆಯಿಂದ ಸ್ಥಳೀಯ ಮಾರಾಟ ಕಳೆದು ಉಳಿದದ್ದನ್ನು.

ಈ ಮೂರನ್ನೂ ಸರಿಪಡಿಸಿದ ಮೇಲೂ ಒಂದು ಸಣ್ಣ ಅಂತರ ಉಳಿಯುತ್ತದೆ. ಕ್ಯಾನಿಗೆ ಅಂಟಿದ ಹಾಲು, ಇಳಿಸುವಾಗ ಚೆಲ್ಲಿದ್ದು, ವೇಬ್ರಿಡ್ಜ್ ಹತ್ತು ಹತ್ತು ಕಿಲೋಗೆ ಸರಿಹೊಂದಿಸಿ ತೋರಿಸುವುದು, ಇವೆಲ್ಲ ಸೇರಿ ಆಗುವ ಅಂತರ. ಎಷ್ಟನ್ನು ಒಪ್ಪಬಹುದು ಎಂಬುದನ್ನು ಊಹೆಯಿಂದ ಹೇಳಬಾರದು. ಲೆಕ್ಕ ಸರಿಯಿತ್ತು ಎಂದು ಪರಿಶೀಲಿಸಿ ಖಚಿತಪಡಿಸಿಕೊಂಡ ಎರಡು ತಿಂಗಳ ದಿನಗಳನ್ನು ತೆಗೆದುಕೊಂಡು, ದಿನದಿನದ ಅಂತರವನ್ನು ಬರೆದು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಅದು ಶೇಕಡಾ 0.1ರಿಂದ 0.3ರ ಒಳಗೇ ಓಡಾಡುತ್ತದೆ ಎಂದುಕೊಳ್ಳಿ. ಆಗ 0.5 ಎಂಬ ಮಿತಿ ಸಮಂಜಸ. ಎಣಿಸುವ ವಸ್ತುಗಳಿಗೆ, ಹಣಕ್ಕೆ ಇಂಥ ರಿಯಾಯಿತಿ ಸಲ್ಲದು. ರಸೀದಿ 412 ಇದ್ದರೆ 412ಕ್ಕೇ ಕೂಡಿಬರಬೇಕು, ಸೋಂಕಿತರು ಇಷ್ಟು ಜನ ಎಂದರೆ ಅಷ್ಟೇ ಜನರಿರಬೇಕು. ಅಳೆದು ತೂಗುವ ವಸ್ತುವಿಗೆ ಮಾತ್ರ ಮಿತಿ.

ಮೊತ್ತ ಕೂಡಿದ ದಿನ ಬಯಲಾದದ್ದು

ಈಗ ಒಂದು ದಿನವನ್ನು ಹತ್ತಿರದಿಂದ ನೋಡೋಣ. ಜುಲೈ 14ರ ಮಧ್ಯಾಹ್ನ ರಿಫ್ರೆಶ್ ಮುಗಿದಾಗ ಡ್ಯಾಶ್‌ಬೋರ್ಡಿನ ಮೊತ್ತ 6,35,600 ಕಿಲೋ. ವೇಬ್ರಿಡ್ಜಿನ ಮೊತ್ತ 6,38,050. ಅಂತರ 2,450 ಕಿಲೋ, ಅಂದರೆ ಶೇಕಡಾ 0.38. ಮಿತಿಯೊಳಗೇ ಇದೆ. ಒಟ್ಟು ಮೊತ್ತವನ್ನಷ್ಟೇ ನೋಡುವ ತಪಾಸಣೆ ಇದನ್ನು ಬಿಟ್ಟುಬಿಡುತ್ತಿತ್ತು.

ಮಾರ್ಗವಾರು ಬಿಡಿಸಿ ನೋಡಿದಾಗ ಚಿತ್ರ ಬೇರೆ. 8ನೇ ಮಾರ್ಗ ಡ್ಯಾಶ್‌ಬೋರ್ಡಿನಲ್ಲಿ 26,164 ಕಿಲೋ, ಗೇಟಿನಲ್ಲಿ 13,090. 17ನೇ ಮಾರ್ಗಕ್ಕೆ ಗೇಟಿನಲ್ಲಿ 14,900 ಕಿಲೋ ಇದೆ, ಡ್ಯಾಶ್‌ಬೋರ್ಡಿನಲ್ಲಿ ಆ ಮಾರ್ಗವೇ ಇಲ್ಲ. ಒಂದು ಕಡೆ 13,074 ಹೆಚ್ಚು, ಇನ್ನೊಂದು ಕಡೆ 14,900 ಕಡಿಮೆ. ಒಂದರ ತಪ್ಪನ್ನು ಇನ್ನೊಂದರ ತಪ್ಪು ಮುಚ್ಚಿಹಾಕಿ, 1,826 ಕಿಲೋದ ಕೊರತೆ ಮಾತ್ರ ಮೇಲೆ ಕಂಡಿತು. ಉಳಿದ 624 ಕಿಲೋ ಬೇರೆ 40 ಮಾರ್ಗಗಳ ಮಾಮೂಲಿ ಅಂತರ.

ಆದ್ದರಿಂದ ಒಟ್ಟು ಮೊತ್ತದ ತಾಳೆ ಮೊದಲ ಹೆಜ್ಜೆ ಮಾತ್ರ. ಅದರ ಕೆಳಗಿನ ಹಂತದಲ್ಲಿ, ಎರಡೂ ಲೆಕ್ಕಗಳು ಒಪ್ಪಿಕೊಳ್ಳುವ ವಿಭಾಗದಲ್ಲಿ, ಒಂದೊಂದನ್ನೂ ಹೋಲಿಸಬೇಕು. ನಮಗೆ ಅದು ಮಾರ್ಗ. ಬೇರೆ ಕಡೆ ಅದು ಜಿಲ್ಲೆಯಾಗಬಹುದು, ಶಾಖೆಯಾಗಬಹುದು, ಪ್ರಯೋಗಾಲಯವಾಗಬಹುದು. ಆ ಹೋಲಿಕೆಯನ್ನು ಗಣಕಕ್ಕೆ ಹೇಳುವುದು ಹೀಗೆ:

```sql
SELECT COALESCE(d.route_id, g.route_id) AS route_id,
       d.kg AS dash_kg, g.kg AS gate_kg
FROM dash_route d
FULL OUTER JOIN gate_route g
  ON d.route_id = g.route_id
WHERE d.kg IS NULL
   OR g.kg IS NULL
   OR ABS(d.kg - g.kg) > 0.005 * g.kg;
```

ಡ್ಯಾಶ್‌ಬೋರ್ಡಿನ ಆ ದಿನದ ಮಾರ್ಗಪಟ್ಟಿಯನ್ನು ಗೇಟಿನ ಪಟ್ಟಿಯ ಜೊತೆ ಜೋಡಿಸಿ, ಕೂಡಿಬರದ ಮಾರ್ಗಗಳನ್ನು ಮಾತ್ರ ಮುಂದಿಡು ಎಂಬುದು ಇದರ ಅರ್ಥ. ಒಂದು ಸಾಲೂ ಬರದಿದ್ದರೆ ಎಲ್ಲವೂ ಕೂಡಿದೆ. ಜುಲೈ 14ಕ್ಕೆ ಎರಡು ಸಾಲು ಬರುತ್ತವೆ, 8 ಮತ್ತು 17.

ಇದರಲ್ಲಿರುವ ಎರಡು ಮಾತುಗಳ ಮೇಲೆ ಇಡೀ ತಪಾಸಣೆ ನಿಂತಿದೆ. ಮೊದಲನೆಯದು `FULL OUTER JOIN`. ಪಟ್ಟಿಗಳನ್ನು ಜೋಡಿಸುವ ಮಾಮೂಲಿ ವಿಧಾನ ಎರಡೂ ಕಡೆ ಇರುವ ಮಾರ್ಗಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಾಗೆ ಮಾಡಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಇಲ್ಲದ 17ನೇ ಮಾರ್ಗ ಹೋಲಿಕೆಯಿಂದಲೂ ಹೊರಗೆ ಬೀಳುತ್ತಿತ್ತು. ಕಳೆದುಹೋದದ್ದನ್ನು ಹುಡುಕಲು ಇಟ್ಟ ಕಾವಲೇ ಅದನ್ನು ನೋಡದೆ ಬಿಟ್ಟಂತೆ. ಎರಡನೆಯದು `IS NULL`. ಒಂದು ಕಡೆ ಅಂಕಿಯೇ ಇಲ್ಲದಿದ್ದಾಗ ಅದನ್ನು ಇನ್ನೊಂದರಿಂದ ಕಳೆದರೆ ಉತ್ತರವೂ ‘ಇಲ್ಲ’ ಎಂದೇ ಬರುತ್ತದೆ. ಆ ಉತ್ತರ ಮಿತಿಗಿಂತ ಹೆಚ್ಚೇ ಎಂದು ಕೇಳಿದರೆ ಗಣಕ ಹೌದು ಎನ್ನುವುದಿಲ್ಲ, ಹೌದು ಎನ್ನದ ಸಾಲನ್ನು ತೋರಿಸುವುದೂ ಇಲ್ಲ. ಅಂಕಿ ಇಲ್ಲದಿರುವುದನ್ನೇ ತಪ್ಪು ಎಂದು ಬಿಡಿಸಿ ಹೇಳಬೇಕು.

ಇನ್ನೂ ಒಂದು ಸಂದು ಉಳಿಯಿತು. ಎರಡೂ ಪಟ್ಟಿಗಳು ಖಾಲಿಯಾಗಿದ್ದರೂ ತಪ್ಪಿನ ಸಾಲುಗಳು ಸೊನ್ನೆಯೇ, ಆಗಲೂ ತಪಾಸಣೆ ತೇರ್ಗಡೆಯಾಗುತ್ತದೆ. ಹಾಗಾಗಿ ಹೋಲಿಕೆಗೆ ಮುಂಚೆ ಗೇಟಿನ ಪಟ್ಟಿಯಲ್ಲಿ 42 ಮಾರ್ಗಗಳೂ ಇವೆಯೇ ಎಂದು ಎಣಿಸಬೇಕು. ತಪಾಸಣೆ ಓಡಲೇ ಇಲ್ಲ ಎಂದಾದರೂ, ಅರ್ಧಕ್ಕೆ ನಿಂತರೂ, ಅದನ್ನು ಸೋತಂತೆಯೇ ಎಣಿಸಬೇಕು.

ತಡೆದ ಮೇಲೆ ಏನು?

ತಾಳೆ ನೋಡಿ ಕೆಂಪು ಬಣ್ಣ ತೋರಿಸಿ, ಅಂಕಿಗಳನ್ನು ಪ್ರಕಟಿಸಿಯೇ ಬಿಡುವ ವ್ಯವಸ್ಥೆಗಳು ಸಾಕಷ್ಟಿವೆ. ಅಷ್ಟರಲ್ಲಿ ವ್ಯವಸ್ಥಾಪಕರು ತಪ್ಪು ಅಂಕಿ ನೋಡಿ ಪ್ಯಾಕೆಟ್ಟಿನ ಆದೇಶ ಕೊಟ್ಟಾಗಿರುತ್ತದೆ. ತಾಳೆ ಪ್ರಕಟಣೆಯ ಬಾಗಿಲಲ್ಲೇ ಇರಬೇಕು. ಹೊಸ ಅಂಕಿಗಳು ಮೊದಲು ಯಾರಿಗೂ ಕಾಣದ ಒಂದು ಪ್ರತಿಯಲ್ಲಿ ಸಿದ್ಧವಾಗಬೇಕು, ತಪಾಸಣೆ ಆ ಪ್ರತಿಯ ಮೇಲೆ ನಡೆಯಬೇಕು, ಗೆದ್ದರೆ ಮಾತ್ರ ಅದು ಹಳೆಯದರ ಜಾಗಕ್ಕೆ ಬರಬೇಕು. ಸೋತರೆ ನಿನ್ನೆಯ ಅಂಕಿಯೇ ಉಳಿಯುತ್ತದೆ, ಅದರ ಮೇಲೆ ‘ಜುಲೈ 13ರವರೆಗಿನ ಲೆಕ್ಕ’ ಎಂದು ದೊಡ್ಡದಾಗಿ ಕಾಣುತ್ತದೆ. ಹಳೆಯದು ಎಂದು ಗೊತ್ತಿರುವ ಅಂಕಿಯನ್ನು ಬಳಸುವಾಗ ಜನ ಎಚ್ಚರವಾಗಿರುತ್ತಾರೆ. ತಪ್ಪು ಎಂದು ಗೊತ್ತಿಲ್ಲದ ಹೊಸ ಅಂಕಿಗೆ ಆ ಎಚ್ಚರ ಸಿಗುವುದಿಲ್ಲ.

ಜೊತೆಗೆ ಜವಾಬ್ದಾರಿ ಹೊತ್ತವರ ಮೊಬೈಲಿಗೆ ಸಂದೇಶ ಹೋಗಬೇಕು. ‘ತಪಾಸಣೆ ವಿಫಲ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ‘8ನೇ ಮಾರ್ಗ: ಡ್ಯಾಶ್‌ಬೋರ್ಡ್ 26,164, ಗೇಟು 13,090. 17ನೇ ಮಾರ್ಗ: ಡ್ಯಾಶ್‌ಬೋರ್ಡಿನಲ್ಲಿ ಇಲ್ಲ, ಗೇಟು 14,900’ ಎಂದಿದ್ದರೆ ನೋಡಿದವರು ನೇರವಾಗಿ ಕೆಲಸಕ್ಕೆ ಇಳಿಯುತ್ತಾರೆ.

ಅಂತರದ ಆಕಾರವೇ ಕಾರಣದ ಸುಳಿವು ಕೊಡುತ್ತದೆ. 8ನೇ ಮಾರ್ಗದ್ದು ಹತ್ತಿರ ಹತ್ತಿರ ಎರಡರಷ್ಟು. ಒಂದೇ ಕಡತ ಎರಡು ಸಲ ಸೇರಿದೆ ಎಂದು ಅನುಭವಿಗಳಿಗೆ ತಕ್ಷಣ ಹೊಳೆಯುತ್ತದೆ. ಬೆಳಿಗ್ಗೆ ನೆಟ್‌ವರ್ಕ್ ಕಡಿದು, ಸಿಬ್ಬಂದಿ ಮತ್ತೊಮ್ಮೆ ಕಳಿಸಿದ್ದರು. ವ್ಯವಸ್ಥೆ ಹಳೆಯದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲೇ ಸೇರಿಸಿತ್ತು. 17ನೇ ಮಾರ್ಗ ಪೂರ್ತಿ ಮಾಯವಾಗಿದೆ, ಅಂದರೆ ಸಂಕೇತದಲ್ಲಿ ಏನೋ ಬದಲಾಗಿದೆ. ಆ ಮಾರ್ಗದ ಸಂಘಗಳಿಗೆ ಹೊಸ ಸಂಕೇತ ಕೊಟ್ಟಿದ್ದು ಡ್ಯಾಶ್‌ಬೋರ್ಡಿನ ಪಟ್ಟಿಗೆ ತಲುಪಿರಲಿಲ್ಲ. ಎಲ್ಲ ಮಾರ್ಗಗಳಲ್ಲೂ ಶೇಕಡಾ 3ರಷ್ಟು ಅಂತರ ಒಂದೇ ದಿಕ್ಕಿಗೆ ಬಂದಿದ್ದರೆ ಲೀಟರ್ ಮತ್ತು ಕಿಲೋ ಅದಲುಬದಲಾಗಿವೆ ಎಂದು ಅನುಮಾನಿಸಬೇಕು. ಇಂದು ಇಷ್ಟು ಕಡಿಮೆ, ನಾಳೆ ಅಷ್ಟೇ ಹೆಚ್ಚು ಎಂದು ಬರುತ್ತಿದ್ದರೆ ದಿನದ ಗಡಿ ತಪ್ಪಿದೆ, ಯಾವುದೋ ಪಾಳಿಯ ಹಾಲು ಪಕ್ಕದ ದಿನಕ್ಕೆ ಬಿದ್ದಿದೆ.

ಕಾವಲು ಸಡಿಲವಾಗುವ ಬಗೆ

ಇಂಥ ತಪಾಸಣೆಗಳು ಒಂದೇ ದಿನದಲ್ಲಿ ಕೆಡುವುದಿಲ್ಲ, ನಿಧಾನವಾಗಿ ಸಡಿಲವಾಗುತ್ತವೆ. ಒಂದು ದಿನ ಪ್ರಕಟಣೆ ತಡವಾಗಿ, ಮೇಲಿನಿಂದ ಒತ್ತಡ ಬಂದು, ಯಾರೋ ಮಿತಿಯನ್ನು 0.5ರಿಂದ 1ಕ್ಕೆ ಏರಿಸುತ್ತಾರೆ. ಮುಂದಿನ ತಿಂಗಳು 2 ಆಗುತ್ತದೆ. ಆಮೇಲೆ ಒಂದು ಮಾರ್ಗ ಪೂರ್ತಿ ಕಾಣೆಯಾದರೂ ಒಟ್ಟು ಮೊತ್ತದ ಗಂಟೆ ಬಾರಿಸುವುದು ಅನುಮಾನ, ಏಕೆಂದರೆ 42ರಲ್ಲಿ ಒಂದು ಮಾರ್ಗದ ಹಾಲು ಒಟ್ಟಿನ ಶೇಕಡಾ 2.4ರ ಆಸುಪಾಸು, ಸಣ್ಣ ಮಾರ್ಗವಾದರೆ ಅದಕ್ಕೂ ಕಡಿಮೆ. ಮಿತಿಯನ್ನು ಬದಲಿಸಬೇಕಾದ ಸಂದರ್ಭ ಬರಬಹುದು. ಆಗ ಯಾರು, ಯಾವಾಗ, ಯಾವ ಕಾರಣಕ್ಕೆ ಬದಲಿಸಿದರು ಎಂಬ ದಾಖಲೆ ಇರಬೇಕು. ಒಂದು ದಿನದ ಮಟ್ಟಿಗೆ ತಡೆ ದಾಟಿಸಿ ಪ್ರಕಟಿಸುವವರೂ ತಮ್ಮ ಹೆಸರು, ಕಾರಣ ಬರೆದೇ ದಾಟಿಸಬೇಕು.

ಮಿತಿಯೊಳಗಿನ ಅಂತರವನ್ನೂ ಮರೆಯಬಾರದು. ದಿನಾ ಶೇಕಡಾ 0.3, ದಿನಾ ಕಡಿಮೆಯ ಕಡೆಗೇ ಎಂದರೆ ಗಂಟೆ ಬಾರಿಸುವುದಿಲ್ಲ. ಆದರೆ ಚೆಲ್ಲಿದ ಹಾಲು, ತೂಕದ ಸರಿಹೊಂದಿಕೆ ಇಷ್ಟು ಶಿಸ್ತಾಗಿ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಬರುವುದು ಅಪರೂಪ. ಹಾಗಾಗಿ ಅಂತರವನ್ನು ಹೆಚ್ಚು ಕಡಿಮೆ ಎಂಬ ಗುರುತಿನ ಸಮೇತ ಪ್ರತಿ ದಿನ ಉಳಿಸಿಡಬೇಕು. ಎರಡು ವಾರದ ಅಂಕಿಗಳನ್ನು ಸಾಲಾಗಿ ನೋಡಿದರೆ ಸರಿಹೊಂದಿಸದ ತಕ್ಕಡಿಯೋ, ದಾಖಲಾಗದ ಮಾರಾಟವೋ ಕಾಣಿಸಿಕೊಳ್ಳುತ್ತದೆ.

ತಾಳೆಗೆ ತನ್ನದೇ ಎಲ್ಲೆಯೂ ಇದೆ. ಎರಡು ಲೆಕ್ಕಗಳು ಬೇರೆ ಬೇರೆ ಹೇಳುತ್ತಿವೆ ಎಂಬುದನ್ನು ಅದು ಹೇಳಬಲ್ಲದು, ಯಾವುದು ಸರಿ ಎಂಬುದನ್ನು ಹೇಳಲಾರದು. ವೇಬ್ರಿಡ್ಜೇ ಕೆಟ್ಟಿರಬಹುದು. ಎರಡೂ ಒಪ್ಪಿದಾಗಲೂ ಒಪ್ಪಿದ್ದು ತೂಕದ ಮಟ್ಟಿಗೆ ಮಾತ್ರ. ಹಳ್ಳಿಯಲ್ಲೇ ನೀರು ಬೆರೆತಿದ್ದರೆ ಸಂಘದ ಯಂತ್ರವೂ ಅದನ್ನು ಹಾಲೆಂದೇ ಅಳೆಯುತ್ತದೆ, ಗೇಟೂ ಹಾಲೆಂದೇ ತೂಗುತ್ತದೆ, ತಾಳೆ ಅಚ್ಚುಕಟ್ಟಾಗಿ ಕೂಡುತ್ತದೆ. ಅದನ್ನು ಹಿಡಿಯಲು ಕೊಬ್ಬು ಮತ್ತು ಕೊಬ್ಬಿಲ್ಲದ ಘನಾಂಶದ ಪರೀಕ್ಷೆ ಬೇಕು, ಅದರ ಅಂಕಿಗೆ ಅದರದೇ ತಾಳೆ ಬೇಕು. ಒಂದು ತಪಾಸಣೆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ ಎಂಬುದನ್ನು ಡ್ಯಾಶ್‌ಬೋರ್ಡ್ ನಡೆಸುವವರು ನೆನಪಿಟ್ಟುಕೊಳ್ಳಬೇಕು.

ಕೊನೆಯದಾಗಿ, ತಿಂಗಳುಗಟ್ಟಲೆ ಒಂದೂ ತಡೆ ಬಾರದಿದ್ದರೆ ಎರಡು ಅರ್ಥ ಸಾಧ್ಯ. ಲೆಕ್ಕ ಚೆನ್ನಾಗಿದೆ, ಇಲ್ಲವೇ ಕಾವಲು ಕೆಟ್ಟಿದೆ. ಯಾವುದು ಎಂದು ತಿಳಿಯಲು ತಿಂಗಳಿಗೊಮ್ಮೆ ಅಂಕಿಗಳ ಒಂದು ಪ್ರತಿ ಮಾಡಿ, ಅದರಿಂದ ಬೇಕೆಂದೇ ಒಂದು ಮಾರ್ಗವನ್ನು ಅಳಿಸಿ, ತಪಾಸಣೆಗೆ ಕೊಡಬೇಕು. ಇನ್ನೊಂದು ಸಲ ಒಂದು ಮಾರ್ಗವನ್ನು ಎರಡರಷ್ಟು ಮಾಡಿ ಕೊಡಬೇಕು. ಎರಡು ಸಲವೂ ಪ್ರಕಟಣೆ ನಿಂತು, ಸರಿಯಾದ ಮಾರ್ಗದ ಹೆಸರಿನ ಸಮೇತ ಸಂದೇಶ ಬಂದರೆ ಆ ಡ್ಯಾಶ್‌ಬೋರ್ಡಿನ ಮೊತ್ತವನ್ನು ನಂಬಿ ತೀರ್ಮಾನ ತೆಗೆದುಕೊಳ್ಳಬಹುದು. ಬಾರದಿದ್ದರೆ ಮೊದಲು ಸರಿಪಡಿಸಬೇಕಾದದ್ದು ಆ ತಪಾಸಣೆಯನ್ನೇ.